ಲೆಗಿಂಗ್ಸ್ ಕೊಳ್ಳುವಾಗ ನಾನು ಮಾಡುವ ಬಸ್ಕಿ ಪರೀಕ್ಷೆ

ಯೋಗ ತರಗತಿ ನಡೆಸುವ ನನಗೆ ಲೆಗಿಂಗ್ಸ್ ದಿನನಿತ್ಯದ ಉಡುಪು. ಮಡಿಸಿಟ್ಟಾಗ ಗಟ್ಟಿಯಾಗಿಯೇ ಕಾಣುವ ಬಟ್ಟೆ, ಉತ್ತಾನಾಸನಕ್ಕೆ ಬಾಗಿದಾಗ ಅಥವಾ ಬಸ್ಕಿಗೆ ಕುಳಿತಾಗ ಹಿಂಬದಿಯಲ್ಲಿ ಒಳ ಉಡುಪಿನ ಅಂಚನ್ನು ತೋರಿಸಿಬಿಡುವುದುಂಟು. ಬಟ್ಟೆಯೇ ತೆಳುವಾಗಿದ್ದರೂ ಹೀಗಾಗುತ್ತದೆ, ಬಟ್ಟೆ ಚೆನ್ನಾಗಿದ್ದು ಸೈಜ್ ಚಿಕ್ಕದಾಗಿದ್ದರೂ ಹೀಗೇ ಆಗುತ್ತದೆ. ಇವೆರಡರಲ್ಲಿ ಯಾವುದು ಕಾರಣವೆಂದು ಕಂಡುಕೊಳ್ಳದೆ ಸೈಜ್ ಬದಲಾಯಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಲೆಗಿಂಗ್ಸ್‌ನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಎಳೆದಾಗ ಹೆಣಿಗೆಯ ಕುಣಿಕೆಗಳು ಅಗಲವಾಗಿ, ಅವುಗಳ ನಡುವಿನ ಸಂದಿಯಿಂದ ಚರ್ಮ ಕಾಣಿಸುತ್ತದೆ. ಕಪ್ಪು ಬಣ್ಣವಾದರೆ ಭಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕೆನಡಾದ ಲುಲುಲೆಮನ್ ಕಂಪನಿ 2013ರ ಮಾರ್ಚ್‌ನಲ್ಲಿ ಮಾರಾಟದಿಂದ ಹಿಂದಕ್ಕೆ ಪಡೆದದ್ದು ಕಪ್ಪು ಯೋಗ ಪ್ಯಾಂಟುಗಳನ್ನೇ, ಅವು ಅತಿಯಾಗಿ ಪಾರದರ್ಶಕವಾಗಿದ್ದುದೇ ಅದಕ್ಕೆ ಕಾರಣ. ಬಿಳಿ ಬಟ್ಟೆಯ ಮೇಲೆ ಚಿತ್ತಾರ ಅಚ್ಚೊತ್ತಿದ ಲೆಗಿಂಗ್ಸ್‌ನ ತೊಂದರೆ ಬೇರೆ ಬಗೆಯದು: ಎಳೆದ ಕಡೆ ಒಳಗಿನ ಬಿಳುಪು ಹೊರಬಂದು ಚಿತ್ತಾರ ಮಾಸಿದಂತೆ ಕಾಣುತ್ತದೆ.

ಸೈಜ್ ಪಟ್ಟಿ ನೋಡುವ ಮೊದಲು ನಾನು ನಿತಂಬದ ಅತಿ ಅಗಲವಾದ ಭಾಗದ ಸುತ್ತಳತೆಯನ್ನು ಎರಡು ಸಲ ತೆಗೆದುಕೊಳ್ಳುತ್ತೇನೆ, ಒಮ್ಮೆ ನಿಂತು, ಇನ್ನೊಮ್ಮೆ ಬಸ್ಕಿಯಲ್ಲಿ ಕುಳಿತು. ನನಗೆ ನಿಂತಾಗ 40 ಇಂಚು, ಕುಳಿತಾಗ 43 ಇಂಚು ಬರುತ್ತದೆ. ಪಟ್ಟಿಗಳು ನಿಂತ ಅಳತೆಯನ್ನಷ್ಟೇ ಕೇಳುತ್ತವೆ, ಆದರೆ ಬಟ್ಟೆ ಹೊರಬೇಕಾದ ಎಳೆತವನ್ನು ತೀರ್ಮಾನಿಸುವುದು ಕುಳಿತ ಅಳತೆ.

ಈಚೆಗೆ ಒಂದೇ ಮಾದರಿಯ ಎಂ ಮತ್ತು ಎಲ್ ಸೈಜುಗಳನ್ನು ಮೇಜಿನ ಮೇಲೆ ಹರಡಿ, ನಿತಂಬ ಬರುವ ಜಾಗದಲ್ಲಿ ಎಳೆಯದೆ ಟೇಪು ಇಟ್ಟು ಅಳೆದೆ. ಎಂ ಅಗಲ 15 ಇಂಚು, ಅಂದರೆ ಸುತ್ತಳತೆ 30. ಎಲ್ ಅಗಲ 16.5 ಇಂಚು, ಸುತ್ತಳತೆ 33. ನಾನು ಬಸ್ಕಿಗೆ ಕುಳಿತಾಗ ಎಂ ಸೈಜಿನ ಬಟ್ಟೆ 30ರಿಂದ 43 ಇಂಚಿಗೆ ಹಿಗ್ಗಬೇಕು, ಸುಮಾರು ಶೇ. 43ರಷ್ಟು, ಎಲ್ ಹಿಗ್ಗಬೇಕಾದದ್ದು ಶೇ. 30ರಷ್ಟು ಮಾತ್ರ. ಬಟ್ಟೆಯ ಮೇಲೆ ಅಡ್ಡಲಾಗಿ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುಂಡುಸೂಜಿಗಳನ್ನು ಹೊಲಿಗೆಯಂಚಿಗೆ ಸಿಕ್ಕಿಸಿ, ಒಳಗೆ ನನ್ನ ಅಂಗೈಯಿಟ್ಟು, ತಂಗಿಯ ಕೈಯಲ್ಲಿ ಬಟ್ಟೆಯನ್ನು ಎಳೆಸಿದೆ. 13 ಸೆಂಟಿಮೀಟರ್‌ವರೆಗೆ, ಅಂದರೆ ಎಲ್ ಹಿಗ್ಗಬೇಕಾದ ಶೇ. 30ರಷ್ಟು, ಎಳೆದಾಗ ಕಿಟಕಿಯ ಬೆಳಕಿನಲ್ಲಿ ಕೈಯ ಛಾಯೆ ಮಾತ್ರ ತೋರಿತು. 14ನ್ನು ದಾಟಿದಾಗ ಬೆರಳಿನ ಉಂಗುರ ಸ್ಪಷ್ಟವಾಗಿ ಕಂಡಿತು. ಆ ಬಟ್ಟೆ ಎಲ್ ಸೈಜಿನಲ್ಲಿ ನನಗೆ ಆಗುತ್ತದೆ, ಎಂ ಸೈಜಿನಲ್ಲಿ ಆಗುವುದಿಲ್ಲ. 13ಕ್ಕೇ ಉಂಗುರ ಕಂಡಿದ್ದರೆ ಎರಡನ್ನೂ ಹಿಂದಿರುಗಿಸುತ್ತಿದ್ದೆ, ಏಕೆಂದರೆ ಆಗ ದೋಷ ಬಟ್ಟೆಯದ್ದೇ ಆಗಿರುತ್ತಿತ್ತು.

ಮೇಜಿನ ಮೇಲೆ ಎಳೆಯುವುದು ಒಂದೇ ದಿಕ್ಕಿಗೆ. ಮೈಮೇಲೆ ಬಟ್ಟೆ ಉದ್ದಕ್ಕೂ ಅಡ್ಡಕ್ಕೂ ಎಳೆಯಲ್ಪಡುತ್ತದೆ. ಆದ್ದರಿಂದ ಕೊನೆಯ ಮಾತು ಬಸ್ಕಿಯದ್ದೇ. ಚೀಟಿ ಕೀಳದೆ, ದಿನವೂ ಹಾಕುವ ಒಳ ಉಡುಪಿನ ಮೇಲೆಯೇ ಲೆಗಿಂಗ್ಸ್ ಧರಿಸಿ, ಒಳ್ಳೆಯ ಬೆಳಕಿರುವ ಕಡೆ ಬೆನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲುತ್ತೇನೆ. ಮೊಬೈಲನ್ನು ಹಿಂದೆ ಸ್ಟೂಲಿನ ಮೇಲೆ ಸೊಂಟದೆತ್ತರಕ್ಕೆ ಇಟ್ಟು ವಿಡಿಯೊ ಚಾಲೂ ಮಾಡುತ್ತೇನೆ. ಕತ್ತು ತಿರುಗಿಸಿ ಕನ್ನಡಿ ನೋಡುವಾಗ ಭಂಗಿಯೇ ಕೆಟ್ಟು, ನೋಡಬೇಕಾದ್ದು ಕಾಣುವುದಿಲ್ಲ. ತೊಡೆ ನೆಲಕ್ಕೆ ಸಮಾನಾಂತರವಾಗುವವರೆಗೆ ಕುಳಿತು ಕೆಲವು ಸೆಕೆಂಡು ತಡೆದು, ಅಲ್ಲಿಂದ ಮಾಲಾಸನದವರೆಗೆ ಪೂರ್ತಿ ಇಳಿದು, ಎದ್ದು ಮುಂದಕ್ಕೆ ಬಾಗುತ್ತೇನೆ. ಅಂಗಡಿಯ ಟ್ರಯಲ್ ರೂಮಿನ ಮಬ್ಬು ದೀಪದಲ್ಲಿ ಮಾಡಿದ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ವಿಡಿಯೊದಲ್ಲಿ ಒಳ ಉಡುಪಿನ ಅಂಚು ಅಥವಾ ಬಣ್ಣ ಕಂಡರೆ, ನಡುಹೊಲಿಗೆಯಲ್ಲಿ ದಾರಗಳ ನಡುವೆ ಸಂದಿ ಬಿಟ್ಟರೆ, ಮಂಡಿಯ ಮೇಲೆ ಬಟ್ಟೆ ಬಿಳಿಚಿಕೊಂಡರೆ ಎಳೆತ ಹೆಚ್ಚಾಯಿತೆಂದರ್ಥ. ಸೊಂಟಪಟ್ಟಿ ಕೆಳಗೆ ಜಾರುವುದನ್ನು ಮಾತ್ರ ಎಚ್ಚರದಿಂದ ಓದಬೇಕು. ನಿಂತಿರುವಾಗಲೇ ಪಟ್ಟಿ ಸಡಿಲವಾಗಿದ್ದು, ಎದ್ದ ಮೇಲೆ ತೊಡೆಸಂದಿಯಲ್ಲೂ ಕಣಕಾಲಿನಲ್ಲೂ ನೆರಿಗೆ ಉಳಿದರೆ ಸೈಜ್ ದೊಡ್ಡದು. ಪಟ್ಟಿ ಬಿಗಿಯಾಗಿದ್ದೂ ಕುಳಿತಾಗ ಹಿಂದೆ ಕೆಳಗಿಳಿದು ಸುರುಳಿಯಾದರೆ ನಿತಂಬಕ್ಕೆ ಬಟ್ಟೆ ಸಾಲದೆ ಅದನ್ನು ಕೆಳಗೆಳೆಯುತ್ತಿದೆ, ಅಂದರೆ ಸೈಜ್ ಚಿಕ್ಕದು ಅಥವಾ ಹಿಂಭಾಗದ ಎತ್ತರ ಸಾಲದು. ಸೊಂಟ ಸಣ್ಣ, ನಿತಂಬ ದೊಡ್ಡ ಎನ್ನುವವರು ನಿತಂಬದ ಅಳತೆಗೆ ಕೊಂಡು, ಒಳಗೆ ಲಾಡಿಯಿರುವ ಮಾದರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಒಣಗಿದ ಬಟ್ಟೆಯಲ್ಲಿ ಗೆದ್ದದ್ದು ಬೆವರಿನಲ್ಲಿ ಸೋಲಬಹುದು, ತಿಳಿ ಬಣ್ಣಗಳಲ್ಲಂತೂ ಹೆಚ್ಚು. ಹಿಂದಿರುಗಿಸಬೇಕಾಗಬಹುದಾದ ಬಟ್ಟೆಯನ್ನು ಒದ್ದೆ ಮಾಡಲಾಗದು. ಆದ್ದರಿಂದ ಜಿಮ್‌ಗೆ ನಾನು ಗಾಢ ಬಣ್ಣವನ್ನೇ ಕೊಳ್ಳುತ್ತೇನೆ. ಬಿಸಿನೀರು ಮತ್ತು ಡ್ರೈಯರ್‌ನ ಕಾವಿಗೆ ಲೈಕ್ರಾದ ಹಿಡಿತ ಸಡಿಲವಾಗುವುದರಿಂದ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸುತ್ತೇನೆ, ಮಂಡಿಯ ಬಳಿ ಬಟ್ಟೆ ಜೋತುಬಿದ್ದಂತೆ ಕಂಡಾಗ ಮತ್ತೊಮ್ಮೆ ವಿಡಿಯೊ ಇಟ್ಟು ಬಸ್ಕಿ ಹೊಡೆದು ನೋಡುತ್ತೇನೆ.