ತಿಂಗಳಿಗೆ ನೂರು ರೂಪಾಯಿ: ಕಂತು ತಪ್ಪಿದರೆ ದಂಡ ಎಷ್ಟು?

ಹೂಡಿಕೆ ಎಂದೊಡನೆ ಲಾಭ ಎಷ್ಟು ಎಂದು ಕೇಳುವುದು ಸಹಜ. ಆದರೆ ಮನೆಯಿಂದ ಬರುವ ಖರ್ಚಿನ ಹಣದಲ್ಲಿ ನೂರು ರೂಪಾಯಿ ಉಳಿಸುವ ಕಾಲೇಜು ವಿದ್ಯಾರ್ಥಿ ಮೊದಲು ಕೇಳಬೇಕಾದದ್ದು, ಒಂದು ತಿಂಗಳು ಹಣ ಕಟ್ಟಲಾಗದಿದ್ದರೆ ತೆರಬೇಕಾದ ದಂಡ ಎಷ್ಟು ಎಂಬುದನ್ನು.

ಆದ್ದರಿಂದ ಮೊದಲ ಹೆಜ್ಜೆಯನ್ನು ಅಂಚೆ ಕಚೇರಿಯಲ್ಲಿ ಪ್ರತಿ ತಿಂಗಳೂ ನಿಗದಿತ ಮೊತ್ತ ಕಟ್ಟುವ ಠೇವಣಿಯಾದ ಆರ್‌ಡಿಯಲ್ಲಿ ಇಡುವುದು ಲೇಸು. ತಿಂಗಳಿಗೆ ಕನಿಷ್ಠ 100 ರೂಪಾಯಿಯಿಂದ ಖಾತೆ ತೆರೆಯಬಹುದು. ತಿಂಗಳ 15ರೊಳಗೆ ತೆರೆದರೆ ಮುಂದಿನ ಕಂತುಗಳನ್ನೂ ಆಯಾ ತಿಂಗಳ 15ರೊಳಗೆ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಅವಧಿ ಐದು ವರ್ಷವಾದರೂ ಮೂರು ವರ್ಷದ ನಂತರ ಮುಚ್ಚಬಹುದು, ಆಗ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಪದವಿ ಮುಗಿಯುವ ಹೊತ್ತಿಗೆ ಹಣ ಬೇಕೆನ್ನುವವರಿಗೆ ಇದು ಗೊತ್ತಿರಲಿ.

ಸುಮಾರು ಆರು ತಿಂಗಳು ಕಂತು ತಪ್ಪದೆ ಕಟ್ಟಲು ಸಾಧ್ಯವಾದ ಮೇಲೆ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳ ಕಂತಿನಲ್ಲಿ ಹೂಡುವ ಎಸ್‌ಐಪಿಗೆ ಹೋಗಬಹುದು. ಹದಿನೆಂಟು ತುಂಬಿರಬೇಕು, ತಮ್ಮದೇ ಪ್ಯಾನ್, ಆಧಾರ್, ಬ್ಯಾಂಕ್ ಖಾತೆಗಳಿಂದ ಗುರುತು ದೃಢಪಡಿಸುವ ಕೆವೈಸಿ ಮುಗಿಸಬೇಕು. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ. ಫಂಡ್ ಕಂಪನಿಯ ಜಾಲತಾಣದಲ್ಲೇ ನೇರವಾಗಿ ಹೂಡಲು, ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯ ಅಗತ್ಯವಿಲ್ಲ. ಅದರ ವಾರ್ಷಿಕ ಶುಲ್ಕ ಸಣ್ಣ ಹೂಡಿಕೆಗೆ ಭಾರವೇ ಸರಿ. ಷೇರುಪೇಟೆಯ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಫಂಡ್‌ನಲ್ಲಿ 'ಡೈರೆಕ್ಟ್' ಯೋಜನೆಯನ್ನು ಆರಿಸಿದರೆ ಏಜೆಂಟರ ಕಮಿಷನ್ ಉಳಿಯುತ್ತದೆ. 2020ರ ಜನವರಿಯಿಂದ ಮಾರ್ಚ್ ನಡುವೆ ಈ ಸೂಚ್ಯಂಕ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಹಾಗಾಗಿ ಮುಂದಿನ ಸೆಮಿಸ್ಟರಿನ ಶುಲ್ಕದ ಹಣವನ್ನು ಇಲ್ಲಿ ಹಾಕುವುದು ಸಲ್ಲದು.

ಅಪಾಯ ಇನ್ನೊಂದೆಡೆಯೂ ಇದೆ. ಕಂತು ತಾನಾಗಿ ಕಡಿತವಾಗಲು ಬ್ಯಾಂಕಿಗೆ ಅನುಮತಿ ಕೊಟ್ಟ ಮೇಲೆ ಖಾತೆಯಲ್ಲಿ ಹಣವಿಲ್ಲದಿದ್ದರೆ, ಫಂಡ್ ಕಂಪನಿ ದಂಡ ಹಾಕದಿದ್ದರೂ ಬ್ಯಾಂಕ್ ಹಾಕಬಹುದು. ಧಾರವಾಡದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಯೊಬ್ಬಳಿಗೆ ಮನೆಯಿಂದ 3ನೇ ತಾರೀಕಿಗೆ ಹಣ ಬರುತ್ತದೆ ಎಂದುಕೊಳ್ಳೋಣ. ಕಂತಿನ ದಿನ 1 ಆಗಿದ್ದು ಖಾತೆ ಬರಿದಾಗಿದ್ದರೆ, ಬ್ಯಾಂಕಿನ ಶುಲ್ಕ 300 ರೂಪಾಯಿ ಎಂದಿಟ್ಟುಕೊಂಡರೂ ಶೇ 18ರ ಜಿಎಸ್‌ಟಿ ಸೇರಿ 354 ಆಗುತ್ತದೆ. ಮೂರೂವರೆ ತಿಂಗಳ ಹೂಡಿಕೆ ಒಂದೇ ದಿನ ಹೋದಂತೆ. ಅದೇ ಕಂತನ್ನು 7ಕ್ಕೆ ಇಟ್ಟು, ಕನಿಷ್ಠ ಬಾಕಿಯ ಷರತ್ತಿಲ್ಲದ ಖಾತೆಯಲ್ಲಿ ಎರಡು ಕಂತಿನಷ್ಟು ಹಣವನ್ನು ಮುಟ್ಟದೆ ಉಳಿಸಿದರೆ, ಮನೆಯ ಹಣ ನಾಲ್ಕು ದಿನ ತಡವಾದರೂ ತೊಂದರೆಯಿಲ್ಲ. ಪರೀಕ್ಷೆಯ ತಿಂಗಳಲ್ಲಿ ಕೈ ಬಿಗಿಯಾಗುವುದು ಮೊದಲೇ ತಿಳಿದಿದ್ದರೆ, ಕಂತಿನ ದಿನಕ್ಕೆ ಸಾಕಷ್ಟು ಮುಂಚೆಯೇ ಎಸ್‌ಐಪಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಕೋರಬೇಕು.

ಕೆಲಸ ಸಿಕ್ಕಾಗ ಸಂಬಳ ಹೊಸ ಬ್ಯಾಂಕಿಗೆ ಬರತೊಡಗಿ ಹಳೆಯ ಖಾತೆ ಖಾಲಿಯಾಗುತ್ತದೆ. ಕಂತುಗಳು ಸತತವಾಗಿ ತಪ್ಪಿ ಎಸ್‌ಐಪಿ ರದ್ದಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಮೊದಲ ಸಂಬಳ ಬಂದ ಕೂಡಲೇ ರದ್ದುಗೊಳಿಸಿದ ಚೆಕ್ ಕೊಟ್ಟು ಫಂಡ್‌ನಲ್ಲಿ ಬ್ಯಾಂಕ್ ಖಾತೆಯನ್ನು ಬದಲಿಸಿ, ಹೊಸ ಖಾತೆಯಿಂದ ಕಡಿತಕ್ಕೆ ಅನುಮತಿ ನೀಡಿ, ಆ ನಂತರವೇ ಕಂತಿನ ಮೊತ್ತವನ್ನು ಏರಿಸಬೇಕು.