ವರ್ಷದ ಗ್ಯಾಪ್ ಮೈನಸ್ ಇತ್ತು, ಆದರೂ ಬಡ್ಡಿ ಇಳಿದಾಗ ಮಾರ್ಜಿನ್ ಕುಗ್ಗಿತು

ಹಾಸನದ ಒಂದು ಸಣ್ಣ ಬ್ಯಾಂಕಿನ ಕೇಂದ್ರ ಕಚೇರಿಯಲ್ಲಿ ನನ್ನ ಕೆಲಸ. ಆಸ್ತಿ-ಹೊಣೆ ಸಮಿತಿಗೆ, ಅಂದರೆ ನಾವು ಆಲ್ಕೋ ಅನ್ನುವ ಸಭೆಗೆ, ಬಡ್ಡಿ ದರ ಬದಲಾದರೆ ನಮ್ಮ ಆದಾಯ ಎಷ್ಟು ಬದಲಾಗುತ್ತದೆ ಅಂತ ತೋರಿಸುವ ಬಡ್ಡಿ ಸಂವೇದನೆಯ ತಖ್ತೆ ತಯಾರಿಸಿ ಕೊಡುವುದು ನನ್ನ ಪಾಲಿಗೆ ಬಂದಿದೆ. 2024ರ ಡಿಸೆಂಬರ್ 31ರ ಲೆಕ್ಕವನ್ನು ಇಟ್ಟುಕೊಂಡು ಇದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಂಖ್ಯೆಗಳನ್ನು ಓದಲು ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಲೆಕ್ಕದ ದಾರಿ ಮಾತ್ರ ನಿಜವಾಗಿ ಮಾಡಿದ್ದೇ.

ಒಟ್ಟು 500 ಕೋಟಿಯ ಬ್ಯಾಲೆನ್ಸ್ ಶೀಟ್ ಅಂದುಕೊಳ್ಳಿ. ಆಸ್ತಿ ಕಡೆ ಮನೆ ಸಾಲ ಮತ್ತು ವ್ಯಾಪಾರಿಗಳ ಸಾಲ 150 ಕೋಟಿ. ಇವು ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಕಟ್ಟಿದವು, ಮೂರು ತಿಂಗಳಿಗೊಮ್ಮೆ ಬಡ್ಡಿ ಬದಲಾಗುತ್ತದೆ. ಸಕಲೇಶಪುರ, ಬೇಲೂರು ಕಡೆಯ ಕಾಫಿ ಬೆಳೆಗಾರರ ಬೆಳೆ ಸಾಲ 60 ಕೋಟಿ. ಚಿನ್ನದ ಸಾಲ 70 ಕೋಟಿ, ವಾಹನ ಮತ್ತಿತರ ಸ್ಥಿರ ಬಡ್ಡಿಯ ಸಾಲ 40 ಕೋಟಿ, ಸರ್ಕಾರಿ ಬಾಂಡು 120 ಕೋಟಿ. ಉಳಿದ 60 ಕೋಟಿ ನಗದು, ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಸಿಆರ್‌ಆರ್, ಕಟ್ಟಡ ಇತ್ಯಾದಿ. ಅದಕ್ಕೆ ಬಡ್ಡಿಯೇ ಇಲ್ಲ. ಹೊಣೆ ಕಡೆ ಎಫ್‌ಡಿ 310 ಕೋಟಿ, ಉಳಿತಾಯ ಖಾತೆ 110 ಕೋಟಿ, ಚಾಲ್ತಿ ಖಾತೆ 30 ಕೋಟಿ, ಬಂಡವಾಳ ಮತ್ತು ಇತರೆ 50 ಕೋಟಿ. ವರ್ಷಕ್ಕೆ ಬರುವ ಬಡ್ಡಿ 40.5 ಕೋಟಿ, ಕೊಡುವ ಬಡ್ಡಿ 25.5 ಕೋಟಿ. ಉಳಿಯುವ 15 ಕೋಟಿಯನ್ನು ಬಡ್ಡಿ ತರುವ 440 ಕೋಟಿಯಿಂದ ಭಾಗಿಸಿದರೆ ನಿವ್ವಳ ಬಡ್ಡಿ ಮಾರ್ಜಿನ್ 3.41%.

ಮೊದಲ ಕೆಲಸ ಪ್ರತಿ ಬಾಬ್ತನ್ನೂ ಅದರ ಬಕೆಟ್‌ಗೆ, ಅಂದರೆ ಬಡ್ಡಿ ಬದಲಾಗುವ ಅವಧಿಯ ಗುಂಪಿಗೆ, ಹಾಕುವುದು. ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಕೊಡುವ ವರದಿಯನ್ನು ಹಾಗೇ ನಂಬುವಂತಿಲ್ಲ. ಅದು ಸಾಮಾನ್ಯವಾಗಿ ವಾಯಿದೆ ಮುಗಿಯುವ ದಿನ ನೋಡಿ ಹಂಚುತ್ತದೆ. ಹದಿನೈದು ವರ್ಷದ ಮನೆ ಸಾಲ ‘ಐದು ವರ್ಷಕ್ಕೂ ಮೇಲೆ’ ಹೋಗಿ ಕೂತಿರುತ್ತದೆ. ನಮಗೆ ಬೇಕಾದದ್ದು ದುಡ್ಡು ವಾಪಸ್ ಬರುವ ದಿನ ಅಲ್ಲ, ಬಡ್ಡಿ ಬದಲಾಗುವ ದಿನ. ಆ ಸಾಲ ಮೂರು ತಿಂಗಳೊಳಗಿನ ಬಕೆಟ್‌ಗೆ ಬರಬೇಕು. ಇದನ್ನು ಪತ್ತೆ ಹಚ್ಚಲು ಒಂದು ಸುಲಭ ಉಪಾಯ ಇದೆ. ದುಡ್ಡು ಯಾವಾಗ ಬರುತ್ತದೆ, ಹೋಗುತ್ತದೆ ಅಂತ ತೋರಿಸುವ ದ್ರವ್ಯತೆಯ ತಖ್ತೆಯನ್ನೂ ಬಡ್ಡಿ ಸಂವೇದನೆಯ ತಖ್ತೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಾಲದ ಸಾಲುಗಳಲ್ಲಿ ಎರಡರಲ್ಲೂ ಒಂದೇ ಅಂಕಿ ಇದ್ದರೆ ಯಾರೋ ಒಂದನ್ನು ಇನ್ನೊಂದಕ್ಕೆ ನಕಲು ಮಾಡಿದ್ದಾರೆ ಅಂತಲೇ ಅರ್ಥ.

ಕಾಫಿ ಸಾಲಕ್ಕೆ ಸ್ವಲ್ಪ ಊರಿನ ತಿಳುವಳಿಕೆ ಬೇಕು. ಕೊಯ್ಲು ಮುಗಿದು, ಕಾಫಿ ಮಾರಿ, ನಮ್ಮ ಬೆಳೆಗಾರರು ಸಾಲ ತೀರಿಸಿ ಹೊಸದಾಗಿ ಬರೆಸಿಕೊಳ್ಳುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಹಾಗಾಗಿ ಡಿಸೆಂಬರ್ ತಖ್ತೆಯಲ್ಲಿ 60 ಕೋಟಿಯೂ 3–6 ತಿಂಗಳ ಬಕೆಟ್‌ನಲ್ಲೇ ಬೀಳುತ್ತದೆ. ಇದನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿದರೆ ತಖ್ತೆ ಚೆಂದ ಕಾಣುತ್ತದೆ, ಸುಳ್ಳು ಹೇಳುತ್ತದೆ.

ಪ್ರತಿ ಬಕೆಟ್‌ನ ಆಸ್ತಿಯಿಂದ ಹೊಣೆ ಕಳೆದರೆ ಬರುವುದೇ ಗ್ಯಾಪ್. ಹೀಗೆ ಹಾಕಿದ ಮೇಲೆ ಒಂದು ವರ್ಷದೊಳಗಿನ ಚಿತ್ರ ಇದು (ಕೋಟಿ ರೂಪಾಯಿಗಳಲ್ಲಿ):

| ಬಕೆಟ್ | ಆಸ್ತಿ | ಹೊಣೆ | ಗ್ಯಾಪ್ |
|---|---|---|---|
| 3 ತಿಂಗಳೊಳಗೆ | 170 | 60 | +110 |
| 3–6 ತಿಂಗಳು | 80 | 180 | −100 |
| 6–12 ತಿಂಗಳು | 50 | 100 | −50 |
| ಒಟ್ಟು | 300 | 340 | −40 |

ಮೊದಲ ಸಾಲಿನ 170ರಲ್ಲಿ 150 ರೆಪೊ ಸಾಲ, 20 ಚಿನ್ನದ ಸಾಲ. ಎರಡನೆಯದರಲ್ಲಿ ಕಾಫಿ ಸಾಲ 60, ಚಿನ್ನ 20. ಮೂರನೆಯದರಲ್ಲಿ ಚಿನ್ನ 30, ವಾಹನ ಸಾಲ 10, ಬಾಂಡು 10. ಎಫ್‌ಡಿಗಳು 60, 70, 100 ಅಂತ ಹಂಚಿಕೊಂಡಿವೆ. ಉಳಿತಾಯ ಖಾತೆಯ 110 ಕೋಟಿಯನ್ನು ನಾವು 3–6 ತಿಂಗಳಿಗೆ ಹಾಕುತ್ತೇವೆ.

ವರ್ಷದ ಒಟ್ಟು ಗ್ಯಾಪ್ ಮೈನಸ್ 40 ಕೋಟಿ. ಪಾಠದ ಪ್ರಕಾರ ಓದಿದರೆ, ಆಸ್ತಿಗಿಂತ ಹೊಣೆ ಜಾಸ್ತಿ ಬದಲಾಗುತ್ತದೆ. ಬಡ್ಡಿ ಇಳಿದರೆ ನಮಗೆ ಲಾಭ. ಶೇಕಡಾ ಒಂದು ಇಳಿದರೆ 40 ಲಕ್ಷ. ಸಭೆಯಲ್ಲಿ ಜನರಲ್ ಮ್ಯಾನೇಜರ್ ಕೇಳಿದ್ದೂ ಅದನ್ನೇ: ‘ರೆಪೊ ಇಳಿಯೋ ಲಕ್ಷಣ ಇದೆ, ಗ್ಯಾಪ್ ಮೈನಸ್ ಇದೆ. ಒಳ್ಳೇದೇ ಅಲ್ವಾ?’

‘ವರ್ಷ ಪೂರ್ತಿ ನೋಡಿದ್ರೆ ಹಾಗೆ ಕಾಣುತ್ತೆ ಸರ್. ಆದ್ರೆ ಸಾಲದ ಬಡ್ಡಿ ಮೊದಲು ಇಳಿಯುತ್ತೆ, ಎಫ್‌ಡಿ ಬಡ್ಡಿ ಆಮೇಲೆ’ ಅಂದೆ. ಮಾತಲ್ಲಿ ಹೇಳಿದ್ದು ಸಾಲದು ಅಂತ ಲೆಕ್ಕ ಹಾಕಿ ತೋರಿಸಿದೆ.

ಮೂರು ತಿಂಗಳೊಳಗಿನ ಬಕೆಟ್‌ನಲ್ಲಿ ಇರುವುದು ಸರಾಸರಿ ಒಂದೂವರೆ ತಿಂಗಳಿಗೆ ಬದಲಾಗುತ್ತದೆ ಅಂದುಕೊಳ್ಳಿ. ಆಗ ಹೊಸ ಬಡ್ಡಿ ವರ್ಷದಲ್ಲಿ ಹತ್ತೂವರೆ ತಿಂಗಳು ನಡೆಯುತ್ತದೆ, ಅಂದರೆ ವರ್ಷದ 0.875 ಭಾಗ. 3–6 ತಿಂಗಳಿನದು ಏಳೂವರೆ ತಿಂಗಳು, 0.625. 6–12 ತಿಂಗಳಿನದು ಬರೀ ಮೂರು ತಿಂಗಳು, 0.25. ಪ್ರತಿ ಗ್ಯಾಪನ್ನು ಈ ಭಾಗದಿಂದಲೂ ಬಡ್ಡಿ ಬದಲಾವಣೆಯಿಂದಲೂ ಗುಣಿಸಬೇಕು:

```
110 × 0.875 × −1% = −96.25 ಲಕ್ಷ
−100 × 0.625 × −1% = +62.50 ಲಕ್ಷ
−50 × 0.25 × −1% = +12.50 ಲಕ್ಷ
ಒಟ್ಟು = −21.25 ಲಕ್ಷ
```

40 ಲಕ್ಷ ಲಾಭ ಅಂದುಕೊಂಡಿದ್ದು 21 ಲಕ್ಷ ನಷ್ಟಕ್ಕೆ ತಿರುಗಿತು. ಗ್ಯಾಪ್ ಬದಲಾಗಿಲ್ಲ, ಯಾವುದು ಯಾವಾಗ ಅನ್ನುವುದಷ್ಟೇ ಸೇರಿತು. ಒಂದು ವರ್ಷದ ಒಟ್ಟು ಗ್ಯಾಪ್ ಅನ್ನುವ ಒಂದೇ ಅಂಕಿಯನ್ನು ನಾನು ಈಗ ತಖ್ತೆಯ ಮೊದಲ ಪುಟದಲ್ಲಿ ಹಾಕುವುದೇ ಇಲ್ಲ.

ಇಷ್ಟಕ್ಕೇ ನಿಲ್ಲುವಂತಿಲ್ಲ. ರೆಪೊ ಒಂದು ಪರ್ಸೆಂಟ್ ಇಳಿದರೆ ಎಲ್ಲವೂ ಒಂದು ಪರ್ಸೆಂಟ್ ಇಳಿಯುವುದಿಲ್ಲ. ಉಳಿತಾಯ ಖಾತೆಗೆ ನಾವು ಕೊಡುವುದೇ 3%. ಅದನ್ನು ಎರಡಕ್ಕೆ ಇಳಿಸಿದರೆ ದುಡ್ಡು ಬೇರೆ ಕಡೆ ಹೋಗುತ್ತದೆ. ಹೆಚ್ಚೆಂದರೆ 2.75ಕ್ಕೆ ಇಳಿಸಬಹುದು. ಅಂದರೆ ಬದಲಾವಣೆಯ ಕಾಲು ಭಾಗ ಮಾತ್ರ ದಾಟುತ್ತದೆ. ಎಫ್‌ಡಿಗೆ ಹಳೆಯ ಇಳಿಕೆ ಏರಿಕೆಗಳಲ್ಲಿ ನಮ್ಮ ಕಾರ್ಡ್ ದರ, ಅಂದರೆ ನಾವು ಪ್ರಕಟಿಸುವ ಠೇವಣಿ ದರ, ಹೇಗೆ ನಡೆದಿತ್ತು ಅಂತ ನೋಡಿ 80% ಇಟ್ಟೆ. ಚಿನ್ನದ ಸಾಲದ ದರ ರೆಪೊ ಮಾತು ಕೇಳುವುದಕ್ಕಿಂತ ಎದುರು ಬೀದಿಯ ಚಿನ್ನದ ಸಾಲದ ಕಂಪನಿಯ ಮಾತು ಕೇಳುತ್ತದೆ. ಅದಕ್ಕೆ ಅರ್ಧ. ರೆಪೊ ಸಾಲಕ್ಕೆ ಪೂರ್ತಿ, ಅದು ಕರಾರಿನಲ್ಲೇ ಇದೆ. ಕಾಫಿ ಸಾಲ, ವಾಹನ ಸಾಲ ಮತ್ತು ಬಾಂಡಿಗೂ ಪೂರ್ತಿ ಇಟ್ಟೆ.

ಈ ಪ್ರಮಾಣಗಳನ್ನು ಸೇರಿಸಿದಾಗ ಆಸ್ತಿ ಕಡೆ ಕಳೆದುಕೊಳ್ಳುವುದು 192.5 ಲಕ್ಷ. ಅದರಲ್ಲಿ 131 ಲಕ್ಷ ರೆಪೊ ಸಾಲದ್ದೇ. ಹೊಣೆ ಕಡೆ ಉಳಿಯುವುದು 114 ಲಕ್ಷ: ಎಫ್‌ಡಿಯಿಂದ 97, ಉಳಿತಾಯ ಖಾತೆಯಿಂದ 17. ನಿವ್ವಳ ನಷ್ಟ 78 ಲಕ್ಷ. 440 ಕೋಟಿಯ ಮೇಲೆ ಇದು 18 ಬೇಸಿಸ್ ಪಾಯಿಂಟ್, ಅಂದರೆ 0.18%. ಮಾರ್ಜಿನ್ 3.41ರಿಂದ 3.23ಕ್ಕೆ. 21 ಲಕ್ಷ 78 ಆಗಲು ದೊಡ್ಡ ಕಾರಣ ಉಳಿತಾಯ ಖಾತೆ. ತಖ್ತೆಯಲ್ಲಿ ಅದು ಬಡ್ಡಿಗೆ ಸ್ಪಂದಿಸುವ 110 ಕೋಟಿ, ನಿಜದಲ್ಲಿ 27.5 ಕೋಟಿ ಅಷ್ಟೇ.

ಮುಂದೆ ಆಗಿದ್ದು ಎಲ್ಲರಿಗೂ ಗೊತ್ತು. 2025ರ ಫೆಬ್ರವರಿಯಲ್ಲಿ ರೆಪೊ 6.50ರಿಂದ 6.25ಕ್ಕೆ, ಏಪ್ರಿಲ್‌ನಲ್ಲಿ 6ಕ್ಕೆ, ಜೂನ್‌ನಲ್ಲಿ ಒಂದೇ ಸಲ 5.50ಕ್ಕೆ ಬಂತು. ಜೂನ್ ಹೊತ್ತಿಗೆ ಸರಿಯಾಗಿ ಒಂದು ಪರ್ಸೆಂಟ್. ನನ್ನ ಲೆಕ್ಕ ಮೊದಲ ದಿನವೇ ಪೂರ್ತಿ ಇಳಿಯುತ್ತದೆ ಅಂತ ಹಿಡಿದಿತ್ತು. ನಿಜದಲ್ಲಿ ಕಂತಿನಲ್ಲಿ ಬಂದಿದ್ದರಿಂದ ಆ ಕ್ಯಾಲೆಂಡರ್ ವರ್ಷದ ಪೆಟ್ಟು ಕಡಿಮೆ, ಬಾಕಿ ಮುಂದಿನ ವರ್ಷಕ್ಕೆ ಉರುಳಿತು. ದಿಕ್ಕು ಮಾತ್ರ ಹೇಳಿದ ಹಾಗೇ. ರೆಪೊ ಸಾಲದ ಬಡ್ಡಿ ಪ್ರತಿ ರೀಸೆಟ್‌ಗೂ ಇಳಿಯಿತು. ಎಫ್‌ಡಿಯ ಸರಾಸರಿ ವೆಚ್ಚ ತಿಂಗಳು ತಿಂಗಳು ತೆಗೆದು ನೋಡಿದರೆ ತೆವಳುತ್ತಾ ಇತ್ತು.

ಇದನ್ನು ಪರೀಕ್ಷೆ ಮಾಡುವಾಗ ಒಂದು ಎಚ್ಚರ ಬೇಕು. ವರ್ಷದ ಕೊನೆಗೆ ನಿವ್ವಳ ಬಡ್ಡಿ ಆದಾಯ ಹೆಚ್ಚೇ ಆಗಿರಬಹುದು, ಯಾಕೆಂದರೆ ಸಾಲದ ಮೊತ್ತ ಬೆಳೆದಿರುತ್ತದೆ. ಅದನ್ನು ನೋಡಿ ಲೆಕ್ಕ ತಪ್ಪು ಅನ್ನಬಾರದು. ನಾನು ಡಿಸೆಂಬರ್ ಬಾಕಿಗಳನ್ನು ಹಾಗೇ ಇಟ್ಟು, ಅವುಗಳ ಮೇಲೆ ಹೊಸ ದರ ಹಾಕಿ, ದರದಿಂದಾದ ವ್ಯತ್ಯಾಸವನ್ನು ಬೇರೆ ತೆಗೆಯುತ್ತೇನೆ. ಉಳಿದದ್ದು ಮೊತ್ತ ಬೆಳೆದಿದ್ದರ ಫಲ.

ಇನ್ನು ಗ್ರಾಹಕರ ವಿಷಯ. ಬಡ್ಡಿ ಇಳಿಯುತ್ತದೆ ಅನ್ನುವುದು ನಮಗಿಂತ ಮೊದಲು ಅವರಿಗೇ ಗೊತ್ತಾಗಿರುತ್ತದೆ. ಫೆಬ್ರವರಿ ಕಡಿತದ ಸುದ್ದಿ ಬಂದ ವಾರ ನಿವೃತ್ತ ಮೇಷ್ಟ್ರೊಬ್ಬರು ಕೌಂಟರಿಗೆ ಬಂದು, ‘ವರ್ಷಕ್ಕೆ ಬೇಡಮ್ಮ, ಮೂರು ವರ್ಷಕ್ಕೆ ಹಾಕ್ಬಿಡಿ, ಇನ್ನು ಇಳಿಯುತ್ತೆ’ ಅಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅವರಂಥ ಒಬ್ಬೊಬ್ಬರೂ ವರ್ಷದೊಳಗೆ ಅಗ್ಗವಾಗಬೇಕಿದ್ದ ಎಫ್‌ಡಿಯನ್ನು ಹಳೆ ದರಕ್ಕೆ ಮೂರು ವರ್ಷ ಕಟ್ಟಿಹಾಕುತ್ತಾರೆ. ಇನ್ನೊಂದು ಕಡೆ ಮನೆ ಸಾಲದವರು ಕಡಿಮೆ ಬಡ್ಡಿ ಸಿಕ್ಕಿದ ಬ್ಯಾಂಕಿಗೆ ಸಾಲ ವರ್ಗಾಯಿಸುತ್ತಾರೆ. ಬಡ್ಡಿ ಏರುವಾಗ ಆಟ ತಿರುಗುತ್ತದೆ: ದಂಡ ಕೊಟ್ಟಾದರೂ ಎಫ್‌ಡಿ ಮುರಿದು ಹೊಸ ದರಕ್ಕೆ ಹಾಕುವವರು ಬರುತ್ತಾರೆ. ಹಾಗಾಗಿ ಒಂದು ಪರ್ಸೆಂಟ್ ಏರಿದರೆ 78 ಲಕ್ಷ ಲಾಭ ಅಂತ ಚಿಹ್ನೆ ಬದಲಿಸಿ ಬರೆಯುವುದು ಸರಿಯಲ್ಲ. ಏರಿಕೆಗೆ ಬೇರೆ ಪ್ರಮಾಣ ಇಟ್ಟು ಬೇರೆಯೇ ಲೆಕ್ಕ ಹಾಕುತ್ತೇನೆ.

ನಮ್ಮಂಥ ಬ್ಯಾಂಕಿಗೆ ಸ್ವಾಪ್, ಅಂದರೆ ಬಡ್ಡಿಯನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದ, ಮಾಡಿ ಅಪಾಯ ಕಳೆದುಕೊಳ್ಳುವ ದಾರಿ ದೂರದ್ದು. ಕೈಯಲ್ಲಿರುವುದು ಕಾರ್ಡ್ ದರ. ಮೂರು ವರ್ಷದ ಎಫ್‌ಡಿ ದರವನ್ನು ಮೊದಲು ಇಳಿಸಿ, ಆರು ತಿಂಗಳದ್ದನ್ನು ಸ್ವಲ್ಪ ತಡೆದು ಇಳಿಸಿದೆವು. ಚಿನ್ನದ ಸಾಲಕ್ಕೆ ಶಾಖೆಗಳ ಗುರಿ ಹೆಚ್ಚಿಸಿದೆವು, ಅದರ ದರ ಅಷ್ಟು ಬೇಗ ಜಾರುವುದಿಲ್ಲ.

ಮಾರ್ಕೆಟಿಂಗ್‌ನವರು 400 ದಿನಗಳ ವಿಶೇಷ ಠೇವಣಿ ತರೋಣ ಅಂದರು. ಅದಕ್ಕೆ ನಾನು ಒಪ್ಪಿದ್ದು ಒಂದು ಷರತ್ತಿನ ಮೇಲೆ. 400 ದಿನ ಅಂದರೆ ಹದಿಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚು. ತಖ್ತೆಯಲ್ಲಿ ಅದು ‘1–3 ವರ್ಷ’ ಬಕೆಟ್‌ಗೆ ಹಾರುತ್ತದೆ. ವರ್ಷದ ಗ್ಯಾಪ್ ನೋಡನೋಡುತ್ತ ಮೈನಸ್‌ನಿಂದ ಪ್ಲಸ್‌ಗೆ ಬರಬಹುದು, ಆದರೆ ಮೂವತ್ತೈದೇ ದಿನ ಕಳೆದರೆ ಆ ದುಡ್ಡು ಮತ್ತೆ ವರ್ಷದೊಳಕ್ಕೆ ಜಾರಿ ಬರುತ್ತದೆ. ಆದ್ದರಿಂದ ಆ ಠೇವಣಿಯನ್ನು ಅಡಿಟಿಪ್ಪಣಿಯಲ್ಲಿ ಬೇರೆ ಸಾಲಾಗಿ ತೋರಿಸಬೇಕು, ಅದು ಇದ್ದಾಗ ಮತ್ತು ಇಲ್ಲದಾಗ ಗ್ಯಾಪ್ ಎಷ್ಟು ಅಂತ ಎರಡೂ ಬರೆಯಬೇಕು ಅಂದೆ. ಈಗ ಪ್ರತಿ ತಖ್ತೆಯಲ್ಲೂ ಆ ಎರಡು ಅಂಕಿ ಹೋಗುತ್ತವೆ.