ಊರಿನಿಂದ ಬಂದ ಹಳೇ ಪತ್ರದ ಫೋಟೋಗಳನ್ನು ಜೋಡಿಸಿ ಬರೆಯುವುದು ಹೇಗೆ?

ಡೊಂಬಿವಿಲಿಯಲ್ಲೋ ಮೀರಾ ರೋಡ್‌ನಲ್ಲೋ ಇರುವ ನಮ್ಮವರಿಗೆ ಊರಿನ ಜಾಗದ ಕಾಗದ ಈಗ ಬರುವುದು ವಾಟ್ಸಾಪ್‌ನಲ್ಲಿ. ಭಾವ ಕಪಾಟಿನಿಂದ ಹಳೇ ಕ್ರಯಪತ್ರ ತೆಗೆದು, ಒಂದೊಂದೇ ಹಾಳೆಯ ಫೋಟೋ ಹೊಡೆದು ಕಳಿಸುತ್ತಾರೆ. ಇಲ್ಲಿ ಅದನ್ನು ಓದಿ ಟೈಪ್ ಮಾಡುವವರಿಗೆ ಕಷ್ಟ ಬರುವುದು ಅಕ್ಷರಕ್ಕಿಂತ ಜಾಸ್ತಿ ಹಾಳೆಗಳ ಕ್ರಮದಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪತ್ರದಲ್ಲಿ ಐದು ಹಾಳೆ. ಮೊದಲ ಹಾಳೆಯ ಹಿಂಬದಿಯಲ್ಲೂ ಬರಹ ಇದೆ. ನಾಲ್ಕನೆಯದು ಉದ್ದ ಇರುವುದರಿಂದ ಮೇಲರ್ಧ, ಕೆಳಅರ್ಧ ಅಂತ ಎರಡು ಫೋಟೋ. ಒಟ್ಟು ಏಳು.

ಆಂಡ್ರಾಯ್ಡ್ ಫೋನಿನಲ್ಲಿ ಇವುಗಳ ಹೆಸರು `IMG-20240512-WA0011.jpg` ಎಂಬ ರೀತಿ ಇರುತ್ತದೆ. ಕೊನೆಯ ನಂಬರ್ ಹೇಳುವುದು ಫೋಟೋ ಬಂದ ಸರದಿಯನ್ನು, ಪುಟದ ಸರದಿಯನ್ನಲ್ಲ. ಗ್ಯಾಲರಿಯಲ್ಲಿ ಹೊಸ ಫೋಟೋ ಮೊದಲು ಕಾಣುತ್ತದೆ ಅಲ್ವಾ, ಕಳಿಸುವವರು ಅಲ್ಲಿಂದಲೇ ಒತ್ತುತ್ತಾ ಹೋದರೆ ಐದನೇ ಹಾಳೆಯೇ ಮೊದಲು ಬರುತ್ತದೆ. ಎರಡನೇ ಹಾಳೆ ಮಸುಕಾಗಿದೆ ಅಂತ ಮತ್ತೆ ತೆಗೆಸಿದರೆ ಅದು ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ಆ ನಂಬರನ್ನು ನಂಬಬೇಡಿ. ಎಲ್ಲವನ್ನೂ ಒಂದು ಫೋಲ್ಡರಿಗೆ ಕಾಪಿ ಮಾಡಿ, ಮೂಲ ಫೋಟೋಗಳನ್ನು ಮುಟ್ಟದೆ ಬಿಡಿ.

ಈಗ ಒಂದು ಕಾಗದದಲ್ಲಿ ಪ್ರತಿ ಫೋಟೋದ ಮೊದಲ ಮೂರು ಪದ, ಕೊನೆಯ ಮೂರು ಪದ ಬರೆದುಕೊಳ್ಳಿ. ಹಾಳೆಯ ನಂಬರ್ ಕಂಡರೆ ಅದನ್ನೂ ಬರೆಯಿರಿ. ನೋಂದಣಿ ಕಚೇರಿಯ ಮೊಹರಿನೊಳಗೆ ಅದು ಸಣ್ಣದಾಗಿ ಇರಬಹುದು, ಫೋಟೋ ದೊಡ್ಡದು ಮಾಡಿ ನೋಡಿ. ನಂಬರ್ ಇಲ್ಲದಿದ್ದರೆ ವಾಕ್ಯವೇ ದಾರಿ ತೋರಿಸಬೇಕು. ಹಳೇ ಪತ್ರಗಳಲ್ಲಿ ಒಂದೊಂದು ವಾಕ್ಯ ಇಡೀ ಪುಟ ಓಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಹಾಳೆ ‘ಕೊಟ್ಟು’, ‘ಆಗಿದ್ದು’, ‘ಅವರ’ ಎಂದು ಮುಗಿದರೆ ಮಾತು ಇನ್ನೂ ಇದೆ ಎಂದರ್ಥ.

ನಮ್ಮ ಪತ್ರದ ಮೊದಲ ಹಾಳೆ ‘ಒಟ್ಟು ಹನ್ನೆರಡು ಸಾವಿರದ’ ಎಂದು ನಿಲ್ಲುತ್ತದೆ. ‘ಸಾವಿರ’ ಅಲ್ಲ, ‘ಸಾವಿರದ’. ಮುಂದೆ ಇನ್ನೊಂದು ಸಂಖ್ಯೆ ಬರಲೇಬೇಕು. ಹಾಳೆ ತಿರುಗಿಸಿದರೆ ಹಿಂಬದಿ ಶುರುವಾಗುವುದು ‘ಉಪನೋಂದಣಿ ಕಚೇರಿಯಲ್ಲಿ ಹಾಜರುಪಡಿಸಿ’ ಎಂದು. ಇಲ್ಲೇ ತುಂಬಾ ಜನ ಎಡವುವುದು. ಹಿಂಬದಿಯಲ್ಲಿರುವುದು ನೋಂದಣಿ ಅಧಿಕಾರಿಯ ಷರಾ. ಅದು ಪತ್ರದ ಮಾತಿನ ಮುಂದುವರಿಕೆ ಅಲ್ಲ. ಮಾತು ಅದನ್ನು ದಾಟಿ ನೇರವಾಗಿ ಎರಡನೇ ಹಾಳೆಗೆ ಹೋಗುತ್ತದೆ: ‘ಐನೂರು ರೂಪಾಯಿಗೆ ಕ್ರಯ ನಿಶ್ಚಯಿಸಿ’. ಷರಾವನ್ನು ಪೂರ್ತಿ ಬರೆಯಿರಿ, ಆದರೆ ಪತ್ರ ಮುಗಿದ ಮೇಲೆ, ಬೇರೆಯಾಗಿ.

ಮೂರನೇ ಹಾಳೆ ‘ಒಪ್ಪಿರುತ್ತೇನೆ’ ಎಂದು ಪೂರ್ಣವಿರಾಮದಲ್ಲಿ ಮುಗಿದರೆ ವಾಕ್ಯದಿಂದ ಸುಳಿವು ಸಿಗುವುದಿಲ್ಲ. ಆಗ ವಿಷಯ ನೋಡಬೇಕು. ಸರ್ವೆ ನಂಬರ್, ಚೆಕ್ಕುಬಂದಿ ಇರುವ ಷೆಡ್ಯೂಲ್ ಸಾಮಾನ್ಯವಾಗಿ ಕೊನೆಯಲ್ಲಿ, ಸಾಕ್ಷಿಗಳ ಸಹಿ ಅದರ ಹತ್ತಿರ. ನಾಲ್ಕನೇ ಹಾಳೆಯ ಕೆಳಅರ್ಧ ‘ಉತ್ತರಕ್ಕೆ: ಆರು’ ಎಂದು ನಿಂತು, ಇನ್ನೊಂದು ಫೋಟೋ ‘ಅಡಿ ಅಗಲದ ಕಾಲುದಾರಿ’ ಎಂದು ಶುರುವಾದರೆ ಕೊಂಡಿ ಸಿಕ್ಕಿತು.

ಕ್ರಮ ಖಚಿತವಾದ ಮೇಲೆ ಕಾಪಿಗಳಿಗೆ `01-a`, `01-b-hinde`, `02`, `03`, `04-a-mele`, `04-b-kelage`, `05` ಎಂದು ಹೆಸರಿಡಿ. ಸೊನ್ನೆ ಬಿಡಬೇಡಿ. ಹಾಳೆ ಹತ್ತು ದಾಟಿದರೆ ಕೆಲವು ಆ್ಯಪ್‌ಗಳು 1 ಆದ ಕೂಡಲೇ 10 ತೋರಿಸಿ, ಆಮೇಲೆ 2ಕ್ಕೆ ಬರುತ್ತವೆ.

ಟೈಪ್ ಮಾಡುವಾಗ ಪುಟ ಬದಲಾಯಿತೆಂದು ಎಂಟರ್ ಒತ್ತಬೇಡಿ. ಗುರುತನ್ನು ವಾಕ್ಯದೊಳಗೇ ಹಾಕಿ:

ಒಟ್ಟು ಹನ್ನೆರಡು ಸಾವಿರದ [ಹಾಳೆ 2] ಐನೂರು ರೂಪಾಯಿಗೆ ಕ್ರಯ ನಿಶ್ಚಯಿಸಿ

ಪದವೇ ಎರಡು ಹಾಳೆಗೆ ಒಡೆದಿದ್ದರೆ, ಅಂದರೆ ‘ಬರೆಸಿಕೊ’ ಇಲ್ಲಿ, ‘ಟ್ಟಿರುತ್ತೇನೆ’ ಅಲ್ಲಿ ಇದ್ದರೆ, ಪದವನ್ನು ಕೂಡಿಸಿ ಬರೆದು ಗುರುತನ್ನು ಪದದ ನಂತರ ಇಡಿ. ಪ್ರತಿ ಹಾಳೆಯಲ್ಲೂ ಇರುವ ಸಹಿ, ಮೊಹರು ವಾಕ್ಯದ ನಡುವೆ ತೂರದಿರಲಿ.

ಅರ್ಧರ್ಧ ತೆಗೆದ ಹಾಳೆಯಲ್ಲಿ ಮೇಲರ್ಧದ ಕೊನೆಯ ಒಂದೆರಡು ಸಾಲು ಕೆಳಅರ್ಧದ ತಲೆಯಲ್ಲೂ ಇರಬೇಕು. ಅವನ್ನು ಒಂದೇ ಸಲ ಬರೆಯಿರಿ. ಒಂದು ಸಾಲೂ ಎರಡರಲ್ಲಿ ಸಿಗದಿದ್ದರೆ ನಡುವೆ ಏನೋ ಬಿಟ್ಟುಹೋಗಿರಬಹುದು. ವಾಕ್ಯ ಹೊಂದುವಂತೆ ಕಂಡರೂ ಫೋಟೋ ಮತ್ತೆ ತರಿಸಿ. ಫೋಟೋದ ಕೆಳ ಅಂಚನ್ನೂ ನೋಡಿ. ಅಂಚು ಕತ್ತರಿಸಿದ್ದರೆ ಕೊನೆಯ ಸಾಲಿನ ಒತ್ತಕ್ಷರ ಹೋಗಿ ಜಾಗದ ‘ಎಲ್ಲೆ’ ಸುಮ್ನೆ ‘ಎಲೆ’ ಆಗಿಬಿಡುತ್ತದೆ. ಮತ್ತೆ ತೆಗೆಯುವಾಗ ನಾಲ್ಕೂ ಮೂಲೆ ಕಾಣಲಿ, ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ. ಆಗ ಚಿತ್ರ ಕುಗ್ಗುವುದಿಲ್ಲ.

ಹಾಳೆಯೇ ಹರಿದು ಮಾತು ಹೋಗಿದ್ದರೆ ಊಹಿಸಿ ತುಂಬಿಸಬೇಡಿ. [ಇಲ್ಲಿ ಹರಿದಿದೆ] ಎಂದು ಬರೆದು ಬಿಡಿ. ಪತ್ರ ನೋಂದಣಿ ಆಗಿದ್ದರೆ ಆ ಸಾಲು ಸಿಗುವ ಜಾಗ ಇನ್ನೊಂದಿದೆ. ದಸ್ತಾವೇಜಿನ ನಂಬರ್, ವರ್ಷ ಕೊಟ್ಟು ಅದೇ ಉಪನೋಂದಣಿ ಕಚೇರಿಯಲ್ಲಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಲು ಭಾವನಿಗೆ ಹೇಳಿ. ಆ ನಂಬರ್ ಸಿಗುವುದು ಮೊದಲ ಹಾಳೆಯ ಷರಾ ಮತ್ತು ಮೊಹರುಗಳಲ್ಲಿ.